ಎರಡು ಎಂದವನೂ ಹದಿಮೂರು ಎಂದವಳೂ

ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಪುಸ್ತಕ ಕೊಡುವ, ಹಿಂಪಡೆಯುವ ಲೆಕ್ಕವನ್ನು ಇಡುವ ಒಂದು ಚಿಕ್ಕ ತಂತ್ರಾಂಶವನ್ನು ಈ ವರ್ಷ ನಾವು ಐವರು ವಿದ್ಯಾರ್ಥಿಗಳು ಸೇರಿ ಬರೆದೆವು. ತಂತ್ರಾಂಶ ಹೇಗಿದೆ ಎಂಬುದನ್ನು ಗ್ರಂಥಾಲಯಕ್ಕೆ ಹೋದವರು ನೋಡಿಯೇ ಇರುತ್ತೀರಿ. ನಾನಿಲ್ಲಿ ಹೇಳಹೊರಟಿರುವುದು ಅದರ ಹಿಂದಿನ ಒಂದು ಅಭ್ಯಾಸದ ಬಗ್ಗೆ. ಒಂದು ಕೆಲಸ ಎಷ್ಟು ದೊಡ್ಡದು ಎಂದು ಅದನ್ನು ಮಾಡುವ ಮುಂಚೆಯೇ ಅಂದಾಜು ಮಾಡುವುದು ಹೇಗೆ? ಸಾಫ್ಟ್‌ವೇರ್ ಜಗತ್ತಿನಲ್ಲಿ ಇದಕ್ಕೆ ಬಳಕೆಯಲ್ಲಿರುವ ಒಂದು ವಿಧಾನದ ಹೆಸರು ಪ್ಲಾನಿಂಗ್ ಪೋಕರ್.

ಹೆಸರು ಕೇಳಿದ ಕೂಡಲೇ ನಮ್ಮ ಉಪನ್ಯಾಸಕರೊಬ್ಬರು ಹುಬ್ಬೇರಿಸಿದರು. "ಪೋಕರ್ ಅಂದರೆ ಇಸ್ಪೀಟಿನ ಜೂಜಲ್ವಾ? ಕಾಲೇಜಿನಲ್ಲಿ ಅದೆಂಥದ್ದು?" ಎಂದು ಕೇಳಿದರು. ಇದರಲ್ಲಿ ಹಣವಿಲ್ಲ, ಪಣವಿಲ್ಲ, ಗೆಲ್ಲುವವರು ಸೋಲುವವರು ಇಲ್ಲ; ಕಾರ್ಡನ್ನು ಮುಚ್ಚಿ ಹಿಡಿಯುವುದೊಂದನ್ನು ಬಿಟ್ಟರೆ ಆ ಆಟಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವಿವರಿಸಿದ ಮೇಲೆ ನಕ್ಕು, "ಹಾಗಾದರೆ ಚೀಟಿ ಅಂದಾಜು ಅನ್ನಿ" ಎಂದರು. ಅಂದಿನಿಂದ ನಮ್ಮಲ್ಲಿ ಅದಕ್ಕೆ ಅದೇ ಹೆಸರು. ಹಳೆಯ ಮದುವೆ ಕಾಗದಗಳ ಖಾಲಿ ಬದಿಯನ್ನು ಕತ್ತರಿಸಿ, ಒಬ್ಬೊಬ್ಬರಿಗೆ ಒಂದೊಂದು ಕಟ್ಟು ಚೀಟಿ ಮಾಡಿಕೊಂಡೆವು.

ಕ್ರಮ ಸರಳ. ತಂತ್ರಾಂಶ ಮಾಡಬೇಕಾದ ಕೆಲಸವನ್ನು ಮೊದಲು ಚಿಕ್ಕ ಚಿಕ್ಕ ಭಾಗಗಳಾಗಿ ಬರೆದುಕೊಳ್ಳಬೇಕು. ಬಳಸುವವರ ಬಾಯಲ್ಲಿ ಬರುವ ಒಂದು ವಾಕ್ಯದಂತೆ ಅದು ಇರಬೇಕು. "ವಿದ್ಯಾರ್ಥಿಯಾಗಿ ನಾನು ಪುಸ್ತಕದ ಹೆಸರು ಟೈಪ್ ಮಾಡಿ ಅದು ಇದೆಯೇ ಎಂದು ತಿಳಿಯಬೇಕು" ಎಂಬುದು ಅಂಥ ಒಂದು ವಾಕ್ಯ. ಇದನ್ನು ಸ್ಟೋರಿ ಎನ್ನುತ್ತಾರೆ. ಒಬ್ಬರು ಸ್ಟೋರಿಯನ್ನು ಓದುತ್ತಾರೆ, ಉಳಿದವರು ಅನುಮಾನವಿದ್ದರೆ ಕೇಳುತ್ತಾರೆ. ನಂತರ ಪ್ರತಿಯೊಬ್ಬರೂ ತಮಗೆ ತೋಚಿದ ಸಂಖ್ಯೆಯ ಚೀಟಿಯನ್ನು ಮಗುಚಿ ಮೇಜಿನ ಮೇಲೆ ಇಡುತ್ತಾರೆ. ಎಲ್ಲರೂ ಇಟ್ಟ ಮೇಲೆ ಒಟ್ಟಿಗೇ ತೆರೆಯಬೇಕು. ಅತಿ ಕಡಿಮೆ ಮತ್ತು ಅತಿ ಹೆಚ್ಚು ಸಂಖ್ಯೆ ಇಟ್ಟವರು ಕಾರಣ ಹೇಳಬೇಕು. ಅದನ್ನು ಕೇಳಿದ ಮೇಲೆ ಮತ್ತೊಮ್ಮೆ ಎಲ್ಲರೂ ಚೀಟಿ ಇಡುತ್ತಾರೆ. ಎರಡು ಅಥವಾ ಮೂರು ಸುತ್ತಿನಲ್ಲಿ ಸಂಖ್ಯೆಗಳು ಹತ್ತಿರ ಬರುತ್ತವೆ.

ಈ ಕ್ರಮವನ್ನು 2002ರಲ್ಲಿ ಜೇಮ್ಸ್ ಗ್ರೆನ್ನಿಂಗ್ ಎಂಬ ಇಂಜಿನಿಯರ್ ಬರೆದು ವಿವರಿಸಿದರು. 2005ರಲ್ಲಿ ಬಂದ ಮೈಕ್ ಕೋನ್ ಅವರ ಪುಸ್ತಕದಿಂದ ಅದು ಎಲ್ಲೆಡೆ ಹರಡಿತು. ಚೀಟಿಯಲ್ಲಿ ಸಾಮಾನ್ಯವಾಗಿ ಇರುವ ಸಂಖ್ಯೆಗಳು 0, ½, 1, 2, 3, 5, 8, 13, 20, 40 ಮತ್ತು 100. ಜೊತೆಗೆ "ಗೊತ್ತಿಲ್ಲ" ಎನ್ನಲು ಒಂದು ಪ್ರಶ್ನಾರ್ಥಕ ಚಿಹ್ನೆಯ ಚೀಟಿ. 4 ಇಲ್ಲ, 6 ಇಲ್ಲ, 7 ಇಲ್ಲ. ಯಾಕೆ? ಒಂದು ಕೈಯಲ್ಲಿ ಒಂದು ಕಿಲೋ ಬಂಗುಡೆ, ಇನ್ನೊಂದರಲ್ಲಿ ಎರಡು ಕಿಲೋ ಹಿಡಿದರೆ ಯಾವುದು ಭಾರ ಎಂದು ಯಾರೂ ಹೇಳಬಲ್ಲರು. ಇಪ್ಪತ್ತು ಕಿಲೋ ಅಕ್ಕಿ ಚೀಲಕ್ಕೂ ಇಪ್ಪತ್ತೊಂದು ಕಿಲೋ ಚೀಲಕ್ಕೂ ಇರುವ ವ್ಯತ್ಯಾಸ ಕೈಗೆ ತಿಳಿಯುವುದಿಲ್ಲ. ಕೆಲಸ ದೊಡ್ಡದಾದಷ್ಟೂ ನಮ್ಮ ಅಂದಾಜು ಒರಟಾಗುತ್ತದೆ. ಆ ಒರಟುತನವನ್ನು ಒಪ್ಪಿಕೊಂಡು ಸಂಖ್ಯೆಗಳ ನಡುವಿನ ಅಂತರವನ್ನು ಹೆಚ್ಚಿಸುತ್ತಾ ಹೋಗಿದ್ದಾರೆ.

1, 2, 3, 5, 8, 13 ಎಂಬ ಈ ಸಾಲು ಕನ್ನಡ ತರಗತಿಯಲ್ಲಿ ಛಂದಸ್ಸು ಕಲಿತವರಿಗೆ ಹೊಸದಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಮೂರು ಬಗೆಯಲ್ಲಿ ಕಟ್ಟಬಹುದು, ನಾಲ್ಕು ಮಾತ್ರೆಯದನ್ನು ಐದು ಬಗೆಯಲ್ಲಿ, ಐದು ಮಾತ್ರೆಯದನ್ನು ಎಂಟು ಬಗೆಯಲ್ಲಿ. ಫಿಬೊನಾಚಿ ಹೆಸರಿನಲ್ಲಿ ಪ್ರಸಿದ್ಧವಾದ ಈ ಸಂಖ್ಯೆಗಳನ್ನು ಅವನಿಗಿಂತ ಮುಂಚೆಯೇ ವಿರಹಾಂಕ, ಹೇಮಚಂದ್ರರಂಥ ಛಂದಸ್ಸಿನ ಪಂಡಿತರು ಹೀಗೆಯೇ ಎಣಿಸಿದ್ದರು. ನಮ್ಮ ಚೀಟಿ ಕಟ್ಟನ್ನು ನೋಡಿ ಕನ್ನಡ ಮೇಡಂ ಇದನ್ನು ನೆನಪಿಸಿದಾಗ ನಮಗೆ ಖುಷಿಯಾಯಿತು.

ಈಗ ಮುಖ್ಯವಾದ ಪ್ರಶ್ನೆ. ಚೀಟಿಯ ಮೇಲಿನ 3 ಅಂದರೆ ಏನು? ಮೂರು ಗಂಟೆಯೇ? ಮೂರು ದಿನವೇ? ಎರಡೂ ಅಲ್ಲ. ಅದನ್ನು ಸ್ಟೋರಿ ಪಾಯಿಂಟ್ ಎನ್ನುತ್ತಾರೆ, ನಾವು ಅಂಕ ಎನ್ನುತ್ತಿದ್ದೆವು. ನಮ್ಮಲ್ಲಿ ಒಬ್ಬನಿಗೆ ಎರಡು ವರ್ಷದಿಂದ ಪೈಥಾನ್ ರೂಢಿ. ಇನ್ನೊಬ್ಬಳು ಕಲಿಯತೊಡಗಿದ್ದೇ ಪ್ರಥಮ ಪಿಯುಸಿಯಲ್ಲಿ. ಪುಸ್ತಕ ಹುಡುಕುವ ಪುಟವನ್ನು ಅವನು ಒಂದು ಸಂಜೆಯಲ್ಲಿ ಮುಗಿಸಬಲ್ಲ, ಅವಳಿಗೆ ಮೂರು ಸಂಜೆ ಬೇಕು. ಗಂಟೆಯಲ್ಲಿ ಕೇಳಿದರೆ ಇಬ್ಬರೂ ಎಂದಿಗೂ ಒಪ್ಪುವುದಿಲ್ಲ, ಇಬ್ಬರೂ ಹೇಳುವುದು ನಿಜವೇ. ಆದರೆ "ಲಾಗಿನ್ ಪುಟ ಹುಡುಕುವ ಪುಟಕ್ಕಿಂತ ದೊಡ್ಡದೋ ಚಿಕ್ಕದೋ" ಎಂದು ಕೇಳಿದರೆ ಇಬ್ಬರಿಂದಲೂ ಒಂದೇ ಉತ್ತರ ಬರುತ್ತದೆ. ಅದಕ್ಕಾಗಿ ಎಲ್ಲರಿಗೂ ಚೆನ್ನಾಗಿ ಗೊತ್ತಿರುವ ಒಂದು ಕೆಲಸವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ನಾವು ಹುಡುಕುವ ಪುಟವನ್ನು 3 ಎಂದು ನಿಶ್ಚಯಿಸಿ ಗೋಡೆಗೆ ಅಂಟಿಸಿದೆವು. ಉಳಿದ ಎಲ್ಲವನ್ನೂ ಅದಕ್ಕೆ ಹೋಲಿಸಿಯೇ ಹೇಳಬೇಕು.

ಚೀಟಿಯನ್ನು ಮಗುಚಿ ಇಡುವುದರ ಬೆಲೆ ನಮಗೆ ತಿಳಿದದ್ದು ದಂಡದ ಸ್ಟೋರಿ ಬಂದ ದಿನ. "ಗ್ರಂಥಪಾಲಕರಾಗಿ ನನಗೆ, ತಡವಾಗಿ ಬಂದ ಪುಸ್ತಕಕ್ಕೆ ಎಷ್ಟು ದಂಡ ಎಂದು ಪರದೆಯಲ್ಲಿ ಕಾಣಬೇಕು" ಎಂಬುದು ಅದರ ವಾಕ್ಯ. ದಿನಕ್ಕೆ ಒಂದು ರೂಪಾಯಿ. ಓದಿದರೆ ಏನೂ ಕಷ್ಟವಿಲ್ಲ ಅನಿಸುತ್ತದೆ. ಚೀಟಿ ತೆರೆದಾಗ 2, 3, 3, 5 ಮತ್ತು 13.

2 ಇಟ್ಟವನು ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೋಡ್ ಬರೆಯುವವನು. ಅವನು ಎದ್ದು ಬೋರ್ಡಿನ ಮೇಲೆಯೇ ಬರೆದು ತೋರಿಸಿದ.

```python
late = (returned - due).days
fine = max(0, late) * 1
```

"ಎರಡು ದಿನಾಂಕ ಕಳೆಯುವುದು, ಸೊನ್ನೆಗಿಂತ ಕಡಿಮೆಯಾದರೆ ಸೊನ್ನೆ. ಇದರಲ್ಲಿ ಏನಿದೆ ಮಾರಾಯ್ರೆ?" ಎಂದ. ಅವನ ಲೆಕ್ಕದಲ್ಲಿ ಯಾವ ದೋಷವೂ ಇರಲಿಲ್ಲ.

13 ಇಟ್ಟವಳು ನಮ್ಮಲ್ಲಿ ಅತಿ ಕಡಿಮೆ ಮಾತಾಡುವವಳು. ಆದರೆ ಅವಳು ವಾರಕ್ಕೆರಡು ಬಾರಿ ಗ್ರಂಥಾಲಯದ ಕೌಂಟರಿನಲ್ಲಿ ಸಹಾಯಕ್ಕೆ ಕುಳಿತುಕೊಳ್ಳುತ್ತಾಳೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ರಜೆಯ ದಿನಕ್ಕೂ ದಂಡ ಹಾಕ್ತೀರಾ?" ಇಲ್ಲ ಎಂದು ಎಲ್ಲರೂ ಹೇಳಿದೆವು; ಗ್ರಂಥಾಲಯ ಮುಚ್ಚಿದ್ದರೆ ಪುಸ್ತಕ ತಂದುಕೊಡುವುದಾದರೂ ಹೇಗೆ? "ಹಾಗಾದರೆ ಯಾವ ದಿನ ರಜೆ ಎಂದು ಪ್ರೋಗ್ರಾಮಿಗೆ ಯಾರು ಹೇಳುವುದು? ಭಾನುವಾರ ಸರಿ. ಈದುಲ್ ಫಿತ್ರ್ ರಜೆ ಯಾವತ್ತು?"

ಅಲ್ಲಿ ಎಲ್ಲರೂ ಸುಮ್ಮನಾದೆವು. ಸ್ವಾತಂತ್ರ್ಯ ದಿನವನ್ನು ಮೊದಲೇ ಕೋಡಿನಲ್ಲಿ ಬರೆದಿಡಬಹುದು. ಈದ್ ಹಾಗಲ್ಲ. ಇಪ್ಪತ್ತೊಂಬತ್ತನೇ ಉಪವಾಸದ ಸಂಜೆ ಚಂದ್ರದರ್ಶನವಾದರೆ ನಾಳೆ, ಆಗದಿದ್ದರೆ ನಾಡಿದ್ದು. ಕ್ಯಾಲೆಂಡರಿನಲ್ಲಿ ಅಚ್ಚಾದ ದಿನಾಂಕವನ್ನು ನಂಬಿ ಕೋಡ್ ಬರೆದರೆ ಒಂದು ದಿನ ಹೆಚ್ಚುಕಡಿಮೆ ಆಗುವ ಸಾಧ್ಯತೆ ಪ್ರತಿ ವರ್ಷವೂ ಇದೆ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ರಾತ್ರಿ ಘೋಷಿಸುವ ರಜೆಯೂ ಹೀಗೆಯೇ. ಅಂದರೆ ರಜೆಗಳನ್ನು ಕೋಡಿನಲ್ಲಿ ಬರೆಯುವಂತೆಯೇ ಇಲ್ಲ. ಗ್ರಂಥಪಾಲಕರು ತಾವೇ ಸೇರಿಸಲು, ತೆಗೆಯಲು ಆಗುವಂಥ ಒಂದು ಪ್ರತ್ಯೇಕ ಪುಟ ಬೇಕು. ನಮ್ಮ ಪಟ್ಟಿಯಲ್ಲಿ ಅಂಥ ಪುಟವೇ ಇರಲಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಿ. ಪುಸ್ತಕ ಐದನೇ ತಾರೀಖಿಗೆ ವಾಪಸ್ ಬರಬೇಕಿತ್ತು, ಹನ್ನೆರಡಕ್ಕೆ ಬಂತು. ಬೋರ್ಡಿನ ಮೇಲಿನ ಲೆಕ್ಕದ ಪ್ರಕಾರ ಏಳು ರೂಪಾಯಿ. ನಡುವೆ ಒಂದು ಭಾನುವಾರ, ಎರಡು ದಿನ ಹಬ್ಬದ ರಜೆ ಬಂದಿದ್ದರೆ ನಿಜವಾದ ದಂಡ ನಾಲ್ಕು ರೂಪಾಯಿ. ಮೂರು ರೂಪಾಯಿಯ ಮಾತು ಚಿಕ್ಕದೆನಿಸಬಹುದು. ಆದರೆ ದ್ವಿತೀಯ ಪಿಯುಸಿಯವರಿಗೆ ಹಾಲ್ ಟಿಕೆಟ್ ಸಿಗುವ ಮುಂಚೆ ಗ್ರಂಥಾಲಯದ ಬಾಕಿ ಇಲ್ಲ ಎಂಬ ಸಹಿ ಬೇಕು. ಸಲ್ಲದ ದಂಡವನ್ನು ಕಂಪ್ಯೂಟರ್ ತೋರಿಸಿದರೆ ಕೌಂಟರಿನಲ್ಲಿ ವಾದಿಸಬೇಕಾದವರು ವಿದ್ಯಾರ್ಥಿಗಳು, ಉತ್ತರ ಕೊಡಬೇಕಾದವರು ಗ್ರಂಥಪಾಲಕರು.

ಆ ದಿನ ಚೀಟಿ ಇಲ್ಲದೆ ಬಾಯಿಮಾತಿನಲ್ಲಿ ಕೇಳಿದ್ದರೆ ಏನಾಗುತ್ತಿತ್ತು? ಚೆನ್ನಾಗಿ ಬಲ್ಲವನು ಮೊದಲು "ಎರಡು" ಎನ್ನುತ್ತಿದ್ದ. ಮೂರು ಎಂದುಕೊಂಡವರು ಎರಡು ಎನ್ನುತ್ತಿದ್ದರು, ಐದು ಎಂದುಕೊಂಡವರು ಮೂರು. ಹದಿಮೂರು ಎಂದುಕೊಂಡವಳು, ತನಗೇ ಏನೋ ಅರ್ಥವಾಗಿಲ್ಲ ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಮೊದಲು ಕೇಳಿದ ಸಂಖ್ಯೆಯ ಕಡೆಗೆ ಮನಸ್ಸು ವಾಲುವುದು ಮನುಷ್ಯ ಸ್ವಭಾವ. ಅದನ್ನು ತಡೆಯಲು ಚೀಟಿಯನ್ನು ಮಗುಚಿ ಇಡುವುದು.

ಹಾಗೆಂದು ಐದು ಸಂಖ್ಯೆಗಳ ಸರಾಸರಿ ತೆಗೆದರೂ ಉಪಯೋಗವಿಲ್ಲ. ಇಲ್ಲಿ ಸರಾಸರಿ 5.2 ಬರುತ್ತದೆ; 5 ಎಂದು ಬರೆದು ಮುಂದೆ ಹೋಗಬಹುದಿತ್ತು. ಆಗ ರಜೆಯ ಪ್ರಶ್ನೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. 2 ಮತ್ತು 13ರ ನಡುವಿನ ದೂರ ಹೇಳುವುದು ಇಷ್ಟೇ: ಇಬ್ಬರು ಎರಡು ಬೇರೆ ಬೇರೆ ಕೆಲಸಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಆ ಎರಡು ಕೆಲಸ ಯಾವುವು ಎಂದು ಕಂಡುಹಿಡಿಯುವ ತನಕ ಯಾವ ಸಂಖ್ಯೆಗೂ ಅರ್ಥವಿಲ್ಲ.

ಕೊನೆಗೆ ಸ್ಟೋರಿಯನ್ನು ಎರಡಾಗಿ ಒಡೆದೆವು. ದಂಡದ ಲೆಕ್ಕಕ್ಕೆ ಎರಡನೇ ಸುತ್ತಿನಲ್ಲಿ ನಾಲ್ಕು 3, ಒಂದು 5 ಬಂತು. 3 ಎಂದು ಒಪ್ಪಿಕೊಂಡೆವು. ರಜೆ ಪಟ್ಟಿಯ ಪುಟಕ್ಕೆ 3, 5, 5, 5, 8. ಎಂಟು ಎಂದವನ ಪ್ರಶ್ನೆಯೂ ಒಳ್ಳೆಯದೇ ಆಗಿತ್ತು: ದಂಡ ಕಟ್ಟಿಸಿಕೊಂಡ ಮೇಲೆ ರಜೆ ಸೇರಿಸಿದರೆ ಹಳೆಯ ಲೆಕ್ಕ ಬದಲಾಗಬೇಕೇ? ಗ್ರಂಥಪಾಲಕರನ್ನೇ ಕೇಳಿದೆವು. ವಸೂಲಾದದ್ದನ್ನು ಮುಟ್ಟಬೇಡಿ, ವಾಪಸ್ ಕೊಡಬೇಕಾದರೆ ನಾನೇ ಕೊಡುತ್ತೇನೆ ಎಂದರು. ಅಷ್ಟರಿಂದ ಕೆಲಸ ಚಿಕ್ಕದಾಗಿ 5ಕ್ಕೆ ನಿಂತಿತು. ಒಟ್ಟು 8. ಕೋಡಿಗೆ ಸೇರಿದ್ದು ಒಂದೇ ಸಾಲು. ಭಾನುವಾರಗಳೂ ಅದೇ ರಜೆ ಪಟ್ಟಿಯಲ್ಲಿವೆ.

```python
off = sum(1 for d in holidays if due < d <= returned)
fine = max(0, late - off) * 1
```

ಎಲ್ಲ ಸ್ಟೋರಿಯೂ ಹೀಗೆ ಮಾತಿನಲ್ಲೇ ಬಗೆಹರಿಯುವುದಿಲ್ಲ. ಮೊಬೈಲ್ ಕ್ಯಾಮೆರಾದಿಂದ ಪುಸ್ತಕದ ಬಾರ್‌ಕೋಡ್ ಓದಿಸುವ ಸ್ಟೋರಿಗೆ 5, 8, 20 ಮತ್ತು ಎರಡು ಪ್ರಶ್ನಾರ್ಥಕ ಚಿಹ್ನೆ ಬಂದವು. ಎರಡನೇ ಸುತ್ತಿನಲ್ಲೂ ಹಾಗೆಯೇ. ಆ ಕೆಲಸವನ್ನು ನಮ್ಮಲ್ಲಿ ಯಾರೂ ಹಿಂದೆ ಮಾಡಿರಲಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ಮೂರನೇ ಬಾರಿ ಚೀಟಿ ಇಟ್ಟರೆ ಸುಸ್ತಾದವರು ಒಪ್ಪಿಕೊಳ್ಳುತ್ತಾರೆಯೇ ಹೊರತು ಜ್ಞಾನ ಹೆಚ್ಚುವುದಿಲ್ಲ. ಇಂಥ ಕಡೆ ಅಂದಾಜನ್ನು ನಿಲ್ಲಿಸಿ, ಒಬ್ಬರಿಗೆ ಇಂತಿಷ್ಟೇ ಸಮಯ ಎಂದು ಕೊಟ್ಟು ಮಾಡಿ ನೋಡಲು ಹೇಳಬೇಕು. ನಾವು ಒಬ್ಬನಿಗೆ ಎರಡು ಮಧ್ಯಾಹ್ನ ಕೊಟ್ಟೆವು. ಹೊಸ ಪಠ್ಯಪುಸ್ತಕಗಳ ಮೇಲೆ ಕ್ಯಾಮೆರಾ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಕಪಾಟಿನ ಹಳೆಯ ಕನ್ನಡ, ಉರ್ದು, ಅರಬಿ ಪುಸ್ತಕಗಳಲ್ಲಿ ಎಷ್ಟೋ ಪುಸ್ತಕಗಳ ಮೇಲೆ ಬಾರ್‌ಕೋಡೇ ಇಲ್ಲ ಎಂಬ ಸುದ್ದಿಯೊಂದಿಗೆ ಅವನು ವಾಪಸ್ ಬಂದ. ಆ ಮೇಲೆ ಚೀಟಿ ಇಟ್ಟಾಗ ಎಲ್ಲರೂ 8ರ ಆಸುಪಾಸಿಗೆ ಬಂದರು.

ಇಷ್ಟೆಲ್ಲ ಅಂಕ ಹಾಕಿ ಪ್ರಯೋಜನವೇನು ಎಂದರೆ, ಒಂದು ಪ್ರಶ್ನೆಗೆ ನೇರವಾಗಿ ಉತ್ತರ ಕೊಡಬಹುದು. ಗ್ರಂಥಪಾಲಕರು ಕೇಳಿದ್ದು, "ನಿಮ್ಮ ಪ್ರಾಯೋಗಿಕ ಪರೀಕ್ಷೆ ಶುರುವಾಗುವ ಮುಂಚೆ ಮುಗಿಯುತ್ತದೆಯೇ? ಇಲ್ಲದಿದ್ದರೆ ನಾನು ರಿಜಿಸ್ಟರನ್ನೂ ಇಟ್ಟುಕೊಳ್ಳಬೇಕು." ಎರಡು ವಾರಕ್ಕೊಂದು ಸುತ್ತಿನಂತೆ ನಾವು ಮೂರು ಸುತ್ತು ಕೆಲಸ ಮಾಡಿದ್ದೆವು. ಪೂರ್ತಿ ಮುಗಿದು, ಪರೀಕ್ಷಿಸಿ ನೋಡಿದ ಸ್ಟೋರಿಯ ಅಂಕವನ್ನು ಮಾತ್ರ ಎಣಿಸಬೇಕು. ಮುಕ್ಕಾಲು ಮುಗಿದದ್ದಕ್ಕೆ ಸೊನ್ನೆ. ಹಾಗೆ ಎಣಿಸಿದಾಗ ಮೊದಲ ಸುತ್ತಿನಲ್ಲಿ 11, ಮಧ್ಯವಾರ್ಷಿಕ ಪರೀಕ್ಷೆ ಬಂದ ಎರಡನೆಯದರಲ್ಲಿ 6, ಮೂರನೆಯದರಲ್ಲಿ 10. ಸರಾಸರಿ 9. ಉಳಿದ ಕೆಲಸ 33 ಅಂಕ, ಉಳಿದ ಸುತ್ತು ಮೂರು.

ಮೂರು ಸುತ್ತೂ ಅತಿ ಕೆಟ್ಟದ್ದಾದರೆ 18, ಸರಾಸರಿಯಂತೆ ನಡೆದರೆ 27, ಮೂರೂ ಅತಿ ಒಳ್ಳೆಯದಾದರೆ ಮಾತ್ರ 33. "ಮಾಡುತ್ತೇವೆ, ಇನ್‌ಶಾ ಅಲ್ಲಾಹ್" ಎಂದು ಹೇಳಿ ಬರುವುದು ಸುಲಭವಿತ್ತು. ಅದರ ಬದಲು ನಾವು ಉಳಿದ ಸ್ಟೋರಿಗಳನ್ನು ಒಂದು ಹಾಳೆಯಲ್ಲಿ ಬರೆದು, ಮೇಲಿನಿಂದ ಕೆಳಕ್ಕೆ ಮುಖ್ಯವಾದದ್ದರ ಕ್ರಮದಲ್ಲಿ ಜೋಡಿಸಿಕೊಡಿ ಎಂದು ಅವರಿಗೇ ಕೊಟ್ಟೆವು. ಯಾವುದು ಎಷ್ಟು ದೊಡ್ಡದು ಎಂದು ಹೇಳುವುದು ನಮ್ಮ ಕೆಲಸ, ಯಾವುದು ಬೇಕು ಎಂದು ಹೇಳುವುದು ಅವರ ಕೆಲಸ. ಅವರು ಬಾರ್‌ಕೋಡನ್ನು ಪೆನ್ನಿನಿಂದ ಹೊಡೆದು ಹಾಕಿದರು. ಪ್ರತಿ ಪುಸ್ತಕದ ಒಳಪುಟದಲ್ಲೂ ಅವರೇ ಬರೆದ ಕ್ರಮಸಂಖ್ಯೆ ಇದೆ, ಅದನ್ನು ಟೈಪ್ ಮಾಡಿದರಾಯಿತು ಎಂದರು. 33 ಹೋಗಿ 25 ಆಯಿತು. 25 ಎಂಬುದು 27ಕ್ಕಿಂತ ಕಡಿಮೆ, ಆದರೆ 18ಕ್ಕಿಂತ ಹೆಚ್ಚು. ಆದ್ದರಿಂದ ಹಾಳೆಯ ಕೊನೆಯ ಒಂದೆರಡು ಸಾಲು ಆಗದೆ ಉಳಿಯಬಹುದು ಎಂದೂ ಹೇಳಿದೆವು. ಆ ಮೂರು ಸುತ್ತಿನಲ್ಲಿ ಮುಗಿದದ್ದು 9, 6, 8, ಒಟ್ಟು 23. ತಿಂಗಳ ಪಟ್ಟಿಯನ್ನು ಮುದ್ರಿಸುವ 2 ಅಂಕದ ಕೆಲಸ ಪ್ರಥಮ ಪಿಯುಸಿಯವರಿಗಾಗಿ ಉಳಿದಿದೆ. ರಿಜಿಸ್ಟರನ್ನು ಯಾವತ್ತು ಮುಚ್ಚಬಹುದು ಎಂಬುದು ಅವರಿಗೆ ಒಂದೂವರೆ ತಿಂಗಳ ಮುಂಚೆಯೇ ಗೊತ್ತಿತ್ತು.

ಈ ಅಂಕಗಳು ಕೆಡುವ ಒಂದು ದಾರಿಯನ್ನೂ ಹೇಳಬೇಕು. ನಮ್ಮಂತೆಯೇ ಇನ್ನೊಂದು ತಂಡ ಹಾಜರಾತಿಯ ತಂತ್ರಾಂಶ ಮಾಡುತ್ತಿತ್ತು. ಒಂದು ಸಲ ಯಾರೋ ಎರಡೂ ತಂಡದ ಅಂಕಗಳನ್ನು ಅಕ್ಕಪಕ್ಕ ಬರೆದರು. ಅವರದು 20, ನಮ್ಮದು 10. ಅದರ ಮುಂದಿನ ಸಭೆಯಲ್ಲೇ ನಮ್ಮ ಚೀಟಿಗಳು ದಪ್ಪಗಾಗತೊಡಗಿದವು. 3 ಬರಬೇಕಾದಲ್ಲಿ 5, 5 ಬರಬೇಕಾದಲ್ಲಿ 8. ಯಾರೂ ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಅಂಕ ಹೆಚ್ಚಾದರೆ ಒಳ್ಳೆಯದು ಎಂಬ ಭಾವನೆ ಬಂದರೆ ಸಾಕು, ಕೈ ತಾನಾಗಿಯೇ ದೊಡ್ಡ ಚೀಟಿಯ ಕಡೆ ಹೋಗುತ್ತದೆ. ಇದನ್ನು ಪತ್ತೆ ಹಚ್ಚಿದ್ದು ಗೋಡೆಯ ಮೇಲಿನ ಅಳತೆಗೋಲು. ಲೇಖಕರ ಹೆಸರಿನಿಂದ ಹುಡುಕುವ ಸ್ಟೋರಿ ಬಂದಾಗ ನಾಲ್ವರು 5 ಇಟ್ಟರು. ಪುಸ್ತಕದ ಹೆಸರಿನಿಂದ ಹುಡುಕುವುದು 3 ಆಗಿದ್ದರೆ, ಅದರ ಅವಳಿಯಂತಿರುವ ಇದು 5 ಆಗುವುದು ಹೇಗೆ? ನಕ್ಕು ಚೀಟಿ ಬದಲಾಯಿಸಿದೆವು. ಮುಗಿದ ಸ್ಟೋರಿಗಳ ಎಣಿಕೆ ಅಷ್ಟೇ ಇದ್ದು ಅಂಕ ಮಾತ್ರ ಏರುತ್ತಿದ್ದರೆ ಅದೂ ಇದರದೇ ಲಕ್ಷಣ.

ಅವರ 20 ಮತ್ತು ನಮ್ಮ 10ನ್ನು ಹೋಲಿಸುವುದು ಒಬ್ಬರ ಸೇರನ್ನೂ ಇನ್ನೊಬ್ಬರ ಪಾವನ್ನೂ ಎಣಿಸಿ ಯಾರ ಅಕ್ಕಿ ಹೆಚ್ಚು ಎಂದಂತೆ. ಅವರು ತಮ್ಮ ಅಳತೆಗೋಲಿಗೆ ಬೇರೆ ಸಂಖ್ಯೆ ಕೊಟ್ಟಿದ್ದರು, ಅಷ್ಟೇ. ಸ್ಟೋರಿ ಪಾಯಿಂಟನ್ನು ಮೊದಲು ಬಳಕೆಗೆ ತಂದವರಲ್ಲಿ ಒಬ್ಬರಾದ ರಾನ್ ಜೆಫ್ರೀಸ್ 2019ರಲ್ಲಿ ಒಂದು ಲೇಖನ ಬರೆದು, ಅದನ್ನು ತಾವೇ ಕಂಡುಹಿಡಿದಿದ್ದರೆ ಅದಕ್ಕೆ ಈಗ ವಿಷಾದವಿದೆ ಎಂದಿದ್ದಾರೆ. ತಂಡ ತಂಡಗಳನ್ನು ಹೋಲಿಸಲು, ಒತ್ತಡ ಹೇರಲು ಅಂಕಗಳನ್ನು ಬಳಸುವುದು ಅವರ ದೂರುಗಳಲ್ಲಿ ಒಂದು. ನಮ್ಮ ಉಪನ್ಯಾಸಕರೂ ಆಂತರಿಕ ಅಂಕಗಳಿಗೆ ಇದನ್ನು ಜೋಡಿಸದಿದ್ದದ್ದು ಒಳ್ಳೆಯದಾಯಿತು.

ಈ ಕ್ರಮಕ್ಕೆ ಸಮಯ ಹಿಡಿಯುತ್ತದೆ ಎಂಬುದೂ ನಿಜ. ಗುರುವಾರ ತರಗತಿ ಮುಗಿದ ಮೇಲೆ ಕುಳಿತರೆ ಒಂದು ಗಂಟೆಯಲ್ಲಿ ಆರೇಳು ಸ್ಟೋರಿ ಆಗುತ್ತಿದ್ದವು. ಬಸ್ಸಿಗೆ ಹೊತ್ತಾದವರು ಕೊನೆಯ ಸ್ಟೋರಿಗಳಿಗೆ ಯೋಚಿಸದೆ ಚೀಟಿ ಇಡುತ್ತಿದ್ದರು. ಆದ್ದರಿಂದ ಬಟನ್ನಿನ ಬಣ್ಣ ಬದಲಿಸುವಂಥ ಕೆಲಸಗಳನ್ನು ಚೀಟಿಗೆ ತರದೆ ನೇರವಾಗಿ 1 ಎಂದು ಬರೆಯತೊಡಗಿದೆವು. ಒಬ್ಬರೇ ಕೆಲಸ ಮಾಡುವಲ್ಲಿ ಇದರಿಂದ ಏನೂ ಲಾಭವಿಲ್ಲ; ಒಪ್ಪದಿರಲು ಇನ್ನೊಬ್ಬರು ಬೇಕು. ಹಾಗೆಯೇ ಎಲ್ಲರ ಚೀಟಿಯೂ ಪ್ರತಿ ಸಲ ಒಂದೇ ಆಗಿ ಬರುತ್ತಿದ್ದರೆ ಸಂತೋಷಪಡುವ ಮುಂಚೆ ಸ್ವಲ್ಪ ನೋಡಬೇಕು: ಒಬ್ಬರ ಮುಖ ನೋಡಿ ಉಳಿದವರು ಚೀಟಿ ಆರಿಸುತ್ತಿರಬಹುದು.

ಹಾಜರಾತಿ ತಂಡದವರು ಮುಂದಿನ ವರ್ಷ ಗ್ರಂಥಾಲಯದ ಕೆಲಸವನ್ನೂ ವಹಿಸಿಕೊಳ್ಳಲಿದ್ದಾರೆ. ಚೀಟಿ ಕಟ್ಟುಗಳನ್ನು ಕಂಪ್ಯೂಟರ್ ಲ್ಯಾಬಿನ ಎರಡನೇ ಡ್ರಾಯರಿನಲ್ಲಿ ಇಟ್ಟಿದ್ದೇವೆ. ಗೋಡೆಯ ಮೇಲಿನ ನಮ್ಮ 3 ಅವರಿಗೆ 3 ಆಗಿರಬೇಕಿಲ್ಲ. ಅದನ್ನು ಕಿತ್ತು ತಮ್ಮದನ್ನು ಅಂಟಿಸಿಕೊಳ್ಳಲಿ.